ಥ್ಯಾಂಕ್ಸ್ ಡಬ್ಬಿಯಲ್ಲಿ ಯಾರ ಹೆಸರು ಬರುತ್ತಿಲ್ಲ?

ಪ್ರಶ್ನೆ: ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ 5ನೇ ತರಗತಿ ನನ್ನದು. 32 ಮಕ್ಕಳಿದ್ದಾರೆ. ಜೂನ್‌ನಲ್ಲಿ ಒಂದು ಥ್ಯಾಂಕ್ಸ್ ಡಬ್ಬಿ ಇಟ್ಟು, ದಿನಾ ಒಂದು ಚೀಟಿ ಬರೆದು ಹಾಕಿ ಅಂದೆ. ಮೊದಲ ವಾರ ಖುಷಿಯಿಂದ ಬರೆದರು. ಈಗ ಜುಲೈ. ಯಾವ ಚೀಟಿ ತೆಗೆದರೂ ‘ಥ್ಯಾಂಕ್ಯೂ ಮಿಸ್’, ‘ನನ್ನ ಫ್ರೆಂಡ್ ತುಂಬಾ ಒಳ್ಳೆಯವಳು’ ಅಷ್ಟೇ. ನಾಲ್ಕೈದು ಮಕ್ಕಳ ಹೆಸರೇ ಮತ್ತೆ ಮತ್ತೆ ಬರುತ್ತಿದೆ, ಕೆಲವರಿಗೆ ಒಂದೂ ಬಂದಿಲ್ಲ. ಹುಡುಗ ಹುಡುಗಿಗೆ ಬರೆದರೆ ಉಳಿದವರು ರೇಗಿಸುತ್ತಾರೆ. ದಸರಾ ರಜೆಯವರೆಗೂ ಇದನ್ನು ನಡೆಸಬೇಕು ಅಂತ ಆಸೆ ಇದೆ. ಹೇಗೆ ಸರಿ ಮಾಡಲಿ?

ಉತ್ತರ: ಮೊದಲು ದಿನಾ ಬರೆಸುವುದನ್ನು ನಿಲ್ಲಿಸಿ. ವಾರಕ್ಕೆ ಒಂದೇ ಸಲ ಸಾಕು. ದಿನಾ ಬರೆ ಅಂದರೆ ಹತ್ತು ವರ್ಷದ ಮಗು ದಿನಾ ಹೊಸದೇನನ್ನೂ ಹುಡುಕುವುದಿಲ್ಲ. ನಿನ್ನೆಯದನ್ನೇ ಬರೆದು ಕೈ ತೊಳೆದುಕೊಳ್ಳುತ್ತದೆ. ದೊಡ್ಡವರೂ ಹಾಗೇ. ಅಮೆರಿಕದ ಮನೋವಿಜ್ಞಾನಿ ಸೋನ್ಯಾ ಲ್ಯುಬೊಮಿರ್ಸ್ಕಿ ಮತ್ತು ಜೊತೆಗಾರರು 2005ರಲ್ಲಿ ಪ್ರಕಟಿಸಿದ ಬರಹದಲ್ಲಿ ಇಂಥದ್ದೇ ಒಂದು ಪ್ರಯೋಗದ ವಿಷಯ ಬರುತ್ತದೆ. ಆರು ವಾರ ಕೆಲವರು ವಾರಕ್ಕೊಮ್ಮೆ, ಇನ್ನು ಕೆಲವರು ವಾರಕ್ಕೆ ಮೂರು ಸಲ ತಮಗೆ ಸಿಕ್ಕ ಒಳ್ಳೆಯದನ್ನು ಬರೆದರು. ಸಂತೋಷ ಹೆಚ್ಚಿದ್ದು ವಾರಕ್ಕೊಮ್ಮೆ ಬರೆದವರಿಗೆ. ಅವರು ಕಾಲೇಜಿನವರು, ನಿಮ್ಮ ಮಕ್ಕಳಲ್ಲ. ಆದರೂ ನಿಮ್ಮ ಡಬ್ಬಿಯಲ್ಲಿ ಆಗಿರುವುದು ಇದೇ ಅಲ್ವಾ?

ಎರಡನೆಯದು, ನೀವು ಒಂದೇ ಡಬ್ಬಿಯಲ್ಲಿ ಎರಡು ಬೇರೆ ಕೆಲಸ ಮಾಡಿಸುತ್ತಿದ್ದೀರಿ. ‘ನನಗೆ ಏನು ಒಳ್ಳೆಯದು ಸಿಕ್ಕಿತು’ ಅನ್ನುವುದು ಒಂದು. ಅದರಲ್ಲಿ ಅಜ್ಜಿ, ಬಸ್ ಕಂಡಕ್ಟರ್, ಬಿಸಿಯೂಟದ ಅಮ್ಮ ಯಾರು ಬೇಕಾದರೂ ಬರಬಹುದು. ‘ನನ್ನ ತರಗತಿಯವರು ಏನು ಒಳ್ಳೆಯದು ಮಾಡಿದರು’ ಅನ್ನುವುದು ಇನ್ನೊಂದು. ಮೊದಲನೆಯದಕ್ಕೆ ಡಬ್ಬಿ ಸರಿ. ಎರಡನೆಯದು ಡಬ್ಬಿಯಲ್ಲಿ ಕೂರಬಾರದು, ಆ ಮಗುವಿನ ಕೈಗೇ ಹೋಗಬೇಕು. ಅದು ಯಾರಿಗೆ ಹೋಗಬೇಕು ಅನ್ನುವುದನ್ನು ಮಕ್ಕಳ ಇಷ್ಟಕ್ಕೆ ಬಿಟ್ಟರೆ, ಮೊದಲೇ ಎಲ್ಲರಿಗೂ ಬೇಕಾದವರಿಗೆ ಇನ್ನಷ್ಟು ಹೋಗುತ್ತದೆ. ಮೂಲೆಯಲ್ಲಿ ಕೂರುವ ಮಗುವಿಗೆ ‘ನಾನು ಯಾರಿಗೂ ಬೇಡ’ ಅನ್ನುವುದು ಪ್ರತಿ ವಾರ ಕಾಗದದ ಮೇಲೇ ಸಾಬೀತಾಗುತ್ತದೆ. ಹಾಗೆ ನಡೆಸುವುದಕ್ಕಿಂತ ನಡೆಸದಿರುವುದೇ ವಾಸಿ.

ಹಾಗಾಗಿ ಮುಂದಿನ ಎರಡು ವಾರ ಚೀಟಿಯೇ ಬೇಡ. ಬರೀ ಮಾತು. ಶನಿವಾರ ಬೆಳಗಿನ ಶಾಲೆ ಬಿಡುವ ಮುಂಚೆ ಹತ್ತು ನಿಮಿಷ ಇಟ್ಟುಕೊಳ್ಳಿ. ಆ ವಾರ ನೀವೇ ಕಂಡ ಒಂದು ಸಂಗತಿಯನ್ನು ನೀವು ಹೇಳಿ. ಆಮೇಲೆ ಇಬ್ಬರೋ ಮೂವರೋ ಮಕ್ಕಳು ಹೇಳಲಿ. ಎಲ್ಲರೂ ಹೇಳಲೇಬೇಕು ಅಂತ ಇಲ್ಲ.

ಈ ಎರಡು ವಾರದಲ್ಲಿ ಮಕ್ಕಳಿಗೆ ಕಲಿಸಬೇಕಾದ್ದು ಮೂರು ಪ್ರಶ್ನೆ. ಇವು ನನ್ನ ಸ್ವಂತದ್ದಲ್ಲ. ಅಮೆರಿಕದ ಜೆಫ್ರಿ ಫ್ರೋ ಮತ್ತು ತಂಡದವರು ಎಂಟರಿಂದ ಹನ್ನೊಂದು ವರ್ಷದ ಮಕ್ಕಳಿಗೆ ತರಗತಿಯಲ್ಲೇ ಪಾಠ ಮಾಡಿ ನೋಡಿ, 2014ರಲ್ಲಿ ಪ್ರಕಟಿಸಿದರು. ‘ಥ್ಯಾಂಕ್ಸ್ ಹೇಳಿ’ ಅಂತ ಅವರು ಮಕ್ಕಳಿಗೆ ಒತ್ತಾಯ ಮಾಡಲಿಲ್ಲ. ಒಬ್ಬರು ನಮಗೆ ಸಹಾಯ ಮಾಡಿದಾಗ ಅದರೊಳಗೆ ಏನೇನಿದೆ ಅಂತ ಬಿಡಿಸಿ ನೋಡುವುದನ್ನು ಕಲಿಸಿದರು. ನಮ್ಮ ಮಾತಲ್ಲಿ ಹೇಳಿದರೆ ಹೀಗೆ: ಅವರು ಬೇಕು ಅಂತಲೇ ಮಾಡಿದರಾ? ಅದಕ್ಕಾಗಿ ಅವರು ಏನು ಬಿಟ್ಟುಕೊಟ್ಟರು? ಅದರಿಂದ ನನಗೆ ಏನಾಯಿತು? ಹೀಗೆ ಕಲಿತ ಮಕ್ಕಳಲ್ಲಿ ಕೃತಜ್ಞತೆ ಹೆಚ್ಚಿತು. ಥ್ಯಾಂಕ್ಸ್ ಕಾರ್ಡ್ ಬರೆಯಲು ಅವಕಾಶ ಕೊಟ್ಟಾಗಲೂ ಅವರೇ ಜಾಸ್ತಿ ಬರೆದರು.

ಮಧ್ಯದ ಪ್ರಶ್ನೆಯೇ ನಿಜವಾದ ಕೆಲಸ ಮಾಡುವುದು. ‘ಏನು ಬಿಟ್ಟುಕೊಟ್ಟರು’ ಅಂತ ಕೇಳಿದ ತಕ್ಷಣ ಮಗು ಇನ್ನೊಬ್ಬರ ಜಾಗದಲ್ಲಿ ನಿಂತು ನೋಡಲೇಬೇಕಾಗುತ್ತದೆ. ಒಂದು ಚೀಟಿಯನ್ನೇ ತೆಗೆದುಕೊಳ್ಳಿ. (ಇಲ್ಲಿ ಬರುವ ಹೆಸರೆಲ್ಲ ಉದಾಹರಣೆಗೆ ಮಾತ್ರ.) ಮಂಜು ಬರೆದಿದ್ದಾನೆ: ‘ಸಹನಾ ಒಳ್ಳೆಯವಳು, ಥ್ಯಾಂಕ್ಸ್.’ ಇದನ್ನು ತಪ್ಪು ಅನ್ನಬೇಡಿ. ಪಕ್ಕದಲ್ಲಿ ಕೂತು ಮಾತಾಡಿಸಿ.

‘ಏನ್ ಮಾಡಿದ್ಲೋ ಸಹನಾ?’

‘ಸ್ಕೇಲ್ ಕೊಟ್ಲು ಮಿಸ್.’

‘ಯಾವಾಗ?’

‘ಮಂಗಳವಾರ. ನಂದು ಮುರಿದೋಗಿತ್ತು.’

‘ಅವಳ ಗೆರೆ ಎಳೆದಾಗಿತ್ತಾ?’

‘ಇಲ್ಲ ಮಿಸ್, ಅರ್ಧ ಆಗಿತ್ತು. ಆದ್ರೂ ಕೊಟ್ಲು.’

‘ಕೊಡದೇ ಇದ್ದಿದ್ರೆ?’

‘ನಂದು ಮುಗೀತಾನೇ ಇರ್ಲಿಲ್ಲ.’

ಈಗ ಅವನು ಹೇಳಿದ್ದನ್ನೇ ಬರೆಯಲಿ: ‘ಮಂಗಳವಾರ ನನ್ನ ಸ್ಕೇಲ್ ಮುರಿದಾಗ ನೀನು ನಿನ್ನ ಗೆರೆ ಅರ್ಧಕ್ಕೆ ನಿಲ್ಲಿಸಿ ಸ್ಕೇಲ್ ಕೊಟ್ಟೆ. ನನ್ನ ಚಿತ್ರ ಮುಗಿಯಿತು.’ ಇದರಲ್ಲಿ ಥ್ಯಾಂಕ್ಸ್ ಅನ್ನುವ ಮಾತೇ ಇಲ್ಲ. ಇಲ್ಲದಿದ್ದರೂ ಸಹನಾಗೆ ಅದು ಮುಟ್ಟುತ್ತದೆ. ‘ಒಳ್ಳೆಯವಳು’ ಅಂದರೆ ಅವಳಿಗೆ ಏನೂ ಗೊತ್ತಾಗುವುದಿಲ್ಲ. ಅರ್ಧ ಗೆರೆ ನಿಲ್ಲಿಸಿದ್ದನ್ನು ಒಬ್ಬ ನೋಡಿದ್ದ ಅಂತ ತಿಳಿದರೆ ಮರೆಯುವುದಿಲ್ಲ. ಮಕ್ಕಳಿಗೆ ಹೇಳಲು ಸುಲಭವಾದ ನಿಯಮ ಇದು: ಚೀಟಿಯಲ್ಲಿ ಒಂದು ದಿನ ಇರಬೇಕು, ಒಂದು ಕೆಲಸ ಇರಬೇಕು. ‘ಒಳ್ಳೆಯ’, ‘ತುಂಬಾ’, ‘ಯಾವಾಗಲೂ’ ಈ ಮೂರು ಪದ ಬೇಡ. ಬೋರ್ಡಿನ ಮೂಲೆಯಲ್ಲಿ ಆ ಮೂರನ್ನೂ ಬರೆದು ಅಡ್ಡಗೆರೆ ಎಳೆದುಬಿಡಿ. ಮಕ್ಕಳಿಗೆ ಇದೊಂದು ಆಟದಂತೆ ಆಗುತ್ತದೆ.

ಆಗಸ್ಟ್ ಮೊದಲ ವಾರದಿಂದ ಕೈಚೀಟಿ ಶುರು ಮಾಡಿ. ಯಾರು ಯಾರಿಗೆ ಬರೆಯಬೇಕು ಅನ್ನುವುದನ್ನು ಹಾಜರಿ ಸಂಖ್ಯೆ ತೀರ್ಮಾನಿಸಲಿ. ಹೆಸರಿನ ಚೀಟಿ ಎತ್ತಿಸುವುದು ಬೇಡ. ಅದರಲ್ಲಿ ತನ್ನದೇ ಹೆಸರು ಬರುತ್ತದೆ, ಬೇಡದ ಹೆಸರು ಬಂದರೆ ಮುಖ ಸಿಂಡರಿಸುತ್ತಾರೆ, ಪಕ್ಕದವನ ಜೊತೆ ಬದಲಾಯಿಸಿಕೊಳ್ಳುತ್ತಾರೆ. ಬದಲಿಗೆ ಪ್ರತಿ ವಾರ ನೀವು ಮನಸ್ಸಿನಲ್ಲಿ ಒಂದು ಸಂಖ್ಯೆ ಇಟ್ಟುಕೊಳ್ಳಿ. ಈ ವಾರ 5 ಅಂದುಕೊಳ್ಳಿ. 1ನೇ ನಂಬರಿನವರು 6ನೆಯವರಿಗೆ, 2ನೆಯವರು 7ನೆಯವರಿಗೆ ಬರೆಯುತ್ತಾರೆ. 30ನೆಯವರಿಗೆ ಐದು ಸೇರಿಸಿದರೆ 35 ಆಗುತ್ತದೆ. ಅದರಲ್ಲಿ 32 ಕಳೆದರೆ 3. ಅಲ್ಲಿಗೆ ಪ್ರತಿ ಮಗುವೂ ಒಂದು ಚೀಟಿ ಬರೆಯುತ್ತದೆ, ಪ್ರತಿ ಮಗುವಿಗೂ ಒಂದು ಚೀಟಿ ಬರುತ್ತದೆ. ಯಾರೂ ಉಳಿಯುವುದಿಲ್ಲ.

ಆರು ವಾರಕ್ಕೆ ನಿಮಗೆ ಸಂಖ್ಯೆಗಳನ್ನು ನಾನೇ ಕೊಡುತ್ತೇನೆ: 3, 5, 9, 11, 14, 20. ಸುಮ್ನೆ ಆರಿಸಿದ್ದಲ್ಲ. ಒಂದು ವಾರ 5, ಇನ್ನೊಂದು ವಾರ 27 ಇಟ್ಟರೆ ಎರಡೂ ಸೇರಿ 32 ಆಗುತ್ತದೆ. ಆಗ ಮೊದಲ ಸಲ ಬರೆಸಿಕೊಂಡವರೇ ಎರಡನೇ ಸಲ ತಮಗೆ ಬರೆದವರಿಗೆ ವಾಪಸ್ ಬರೆಯಬೇಕಾಗುತ್ತದೆ. 16 ಇಟ್ಟರಂತೂ ಒಂದೇ ವಾರದಲ್ಲಿ ಇಬ್ಬರೂ ಪರಸ್ಪರ ಬರೆಯುತ್ತಾರೆ. ಅದು ಕೊಟ್ಟು ತೆಗೆದುಕೊಳ್ಳುವ ಲೆಕ್ಕವಾಗುತ್ತದೆ. ಈ ಆರು ಸಂಖ್ಯೆಯಲ್ಲಿ ಆ ತೊಂದರೆ ಇಲ್ಲ. ತರಗತಿಯಲ್ಲಿ ಮಕ್ಕಳ ಸಂಖ್ಯೆ ಬೇರೆ ಇದ್ದರೆ, ಯಾವ ಎರಡು ಸಂಖ್ಯೆ ಕೂಡಿದರೂ ಒಟ್ಟು ಮಕ್ಕಳ ಸಂಖ್ಯೆ ಬರಬಾರದು, ಒಟ್ಟಿನ ಅರ್ಧದಷ್ಟಿರುವ ಸಂಖ್ಯೆಯನ್ನೂ ಇಟ್ಟುಕೊಳ್ಳಬೇಡಿ. ಅಷ್ಟು ನೋಡಿಕೊಂಡರೆ ಸಾಕು.

ಈ ವಾರದ ಸಂಖ್ಯೆ ಎಷ್ಟು ಅಂತ ಮಕ್ಕಳಿಗೆ ಹೇಳಬೇಡಿ. ಹೇಳಿದರೆ 6ನೇ ನಂಬರಿನವನಿಗೆ ತನಗೆ ಬರೆಯುವವರು ಯಾರು ಅಂತ ತಕ್ಷಣ ಗೊತ್ತಾಗುತ್ತದೆ. ‘ಚೆನ್ನಾಗಿ ಬರಿ, ಇಲ್ಲಾಂದ್ರೆ ನೋಡು’ ಅಂತ ಶುರುವಾಗುತ್ತದೆ. ಸೋಮವಾರ ಬೆಳಗ್ಗೆ ಪ್ರತಿಯೊಬ್ಬರಿಗೂ ಒಂದು ಹೆಸರು ಬರೆದ ಸಣ್ಣ ಕಾಗದ ಮಡಿಸಿ ಕೊಡಿ. ಶುಕ್ರವಾರದವರೆಗೂ ಆ ಮಗುವನ್ನು ಗಮನಿಸುವುದು. ಶುಕ್ರವಾರ ಕೊನೆಯ ಅವಧಿಯಲ್ಲಿ ಹತ್ತು ನಿಮಿಷ ಬರೆಯುವುದು. ಹೆಸರು ಗುಟ್ಟಾಗಿರುವುದು ಶುಕ್ರವಾರದವರೆಗೆ ಮಾತ್ರ. ಚೀಟಿಯ ಕೆಳಗೆ ಬರೆದವರ ಹೆಸರು ಇರಲೇಬೇಕು. ಹೆಸರಿಲ್ಲದ ಚೀಟಿಗೆ ಅವಕಾಶ ಕೊಟ್ಟರೆ ಎರಡನೇ ವಾರವೇ ಯಾರದೋ ಬಣ್ಣದ ಮೇಲೆ, ಯಾರದೋ ಮೂಗಿನ ಮೇಲೆ ತಮಾಷೆ ಬರುತ್ತದೆ.

ರೇಗಿಸುವುದರ ಬಗ್ಗೆ ಕೇಳಿದ್ದೀರಿ. ಸಂಖ್ಯೆಯ ಪ್ರಕಾರ ಬರೆಸುವುದರ ದೊಡ್ಡ ಲಾಭ ಅದೇ. ಹುಡುಗ ಹುಡುಗಿಗೆ ಬರೆದರೆ ‘ನಂಗೆ ಮಿಸ್ ಅವಳ ಹೆಸರು ಕೊಟ್ರು’ ಅಂತ ಹೇಳಿ ಪಾರಾಗಬಹುದು. ಎಲ್ಲರಿಗೂ ಹಾಗೇ ಬಂದಿರುತ್ತದೆ. ನಿಮ್ಮ ಹಾಜರಿ ಪುಸ್ತಕದಲ್ಲಿ ಹುಡುಗರು ಮೊದಲು, ಹುಡುಗಿಯರು ಆಮೇಲೆ ಇದ್ದರೆ ಸಣ್ಣ ಸಂಖ್ಯೆಯ ವಾರಗಳಲ್ಲಿ ಹುಡುಗರಿಗೆ ಹೆಚ್ಚಾಗಿ ಹುಡುಗರೇ ಬರುತ್ತಾರೆ. ದೊಡ್ಡ ಸಂಖ್ಯೆ ಬಂದಂತೆ ಬೆರೆಯುತ್ತಾರೆ. ಸಣ್ಣದರಿಂದ ಶುರು ಮಾಡಿದರೆ ಅಭ್ಯಾಸವಾಗುವ ಹೊತ್ತಿಗೆ ಅದೂ ಸಲೀಸಾಗುತ್ತದೆ.

ಒಂದು ವಿನಾಯಿತಿ ಮಾತ್ರ ತಪ್ಪದೇ ಮಾಡಿ. ಒಬ್ಬ ಇನ್ನೊಬ್ಬನಿಗೆ ಹೊಡೆಯುತ್ತಿದ್ದರೆ, ಪೀಡಿಸುತ್ತಿದ್ದರೆ, ಪೆಟ್ಟು ತಿಂದವನ ಕೈಗೆ ಹೊಡೆದವನ ಹೆಸರು ಹೋಗಬಾರದು. ಆ ವಾರ ಎರಡು ಕಾಗದವನ್ನು ನೀವೇ ಸದ್ದಿಲ್ಲದೆ ಅದಲುಬದಲು ಮಾಡಿ. ಇಬ್ಬರನ್ನು ರಾಜಿ ಮಾಡಿಸಲು ಈ ಚೀಟಿಯನ್ನು ಬಳಸಲೇಬೇಡಿ. ಪೀಡಿಸುವುದನ್ನು ನಿಲ್ಲಿಸುವ ಕೆಲಸವೇ ಬೇರೆ. ಅದನ್ನು ನೀವು, ಮುಖ್ಯ ಶಿಕ್ಷಕರು, ಪೋಷಕರು ಸೇರಿ ನೇರವಾಗಿ ಮಾಡಬೇಕು.

ಮೊದಲ ಶುಕ್ರವಾರ ನಿಮಗೆ ಬರುವ ದೂರು ಯಾವುದು ಅಂತ ಈಗಲೇ ಹೇಳಬಲ್ಲೆ. ‘ಮಿಸ್, ಅವನು ಈ ವಾರ ಏನೂ ಮಾಡ್ಲಿಲ್ಲ.’ ಈ ಮಾತು ಬಹಳ ಸಲ ನಿಜವೇ ಆಗಿರುತ್ತದೆ. ಈ ಇಡೀ ಪ್ರಯತ್ನದಲ್ಲಿ ನನಗೆ ಅತ್ಯಂತ ಮುಖ್ಯ ಅನಿಸುವುದೂ ಇದೇ ಜಾಗ, ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ.

ಪ್ರತಿ ತರಗತಿಯಲ್ಲೂ ಇಂಥ ಮೂರು ನಾಲ್ಕು ಮಕ್ಕಳಿರುತ್ತಾರೆ. ಕೆಲವರು ಪದೇ ಪದೇ ಗೈರು. ಕೆಲವರು ತಡವಾಗಿ ಬಂದು ಕೊನೆಯಲ್ಲಿ ಕೂರುತ್ತಾರೆ. ಬೇರೆ ಊರಿನಿಂದ ಕೆಲಸಕ್ಕೆ ಬಂದವರ ಮಗು, ಮನೆಯಲ್ಲಿ ಬೇರೆ ಭಾಷೆ ಮಾತಾಡುವ ಮಗು ಇರಬಹುದು. ಅಂಥವರ ಹತ್ತಿರ ಕೊಡಲು ಹೆಚ್ಚುವರಿ ಪೆನ್ಸಿಲ್ ಇರುವುದಿಲ್ಲ. ಲೆಕ್ಕ ಹೇಳಿಕೊಡುವಷ್ಟು ಓದಿನಲ್ಲಿ ಮುಂದಿರುವುದಿಲ್ಲ. ಸಹಾಯ ಮಾಡಲು ಅವರಿಗೆ ಅವಕಾಶವೇ ಸಿಗುವುದಿಲ್ಲ, ಮಾಡಿದರೂ ಅದು ಕಾಣುವ ಜಾಗದಲ್ಲಿ ಅವರು ಇರುವುದಿಲ್ಲ. ಇದಕ್ಕೆ ‘ಎಲ್ಲರೂ ಬಸವನ ಜೊತೆ ಚೆನ್ನಾಗಿರಿ’ ಅಂತ ಹೇಳುವುದು ಪರಿಹಾರವಲ್ಲ. ಅದು ಅವನನ್ನು ಇನ್ನಷ್ಟು ಬೇರೆ ಮಾಡುತ್ತದೆ.

ಎಲ್ಲರಿಗೂ ಕಾಣುವ ಕೆಲಸ ಅವನಿಗೆ ಸಿಗುವಂತೆ ಮಾಡಿ. ಬೆಳಗ್ಗೆ ಹಾಲಿನ ಲೋಟ ಹಂಚುವುದು, ಊಟಕ್ಕೆ ಮುಂಚೆ ಕೈ ತೊಳೆಯುವಾಗ ನೀರು ಹಾಕುವುದು, ಬೆಲ್ ಹೊಡೆಯುವುದು, ಓದುವ ಮೂಲೆಯ ಪುಸ್ತಕ ಕೊಡುವುದು, ಬೋರ್ಡ್ ಒರೆಸುವುದು, ಆಟದ ಸಾಮಾನು ಎಣಿಸಿ ಒಳಗಿಡುವುದು. ನಮ್ಮ ಶಾಲೆಗಳಲ್ಲಿ ಇವೆಲ್ಲ ಹೆಚ್ಚಾಗಿ ಲೀಡರಿಗೋ ಚುರುಕಾದ ಮೂರು ಮಕ್ಕಳಿಗೋ ಹೋಗುತ್ತವೆ. ಅವನ್ನು ವಾರದ ಸರದಿಯಲ್ಲಿ ಹಾಕಿ. ಕೆಲಸ ಎಲ್ಲರಿಗೂ ಬರಲಿ. ಆದರೆ ಯಾರ ಹೆಸರು ಬರುತ್ತಿಲ್ಲವೋ ಅವರ ಸರದಿ ಮೊದಲ ಎರಡು ವಾರದಲ್ಲೇ ಬರುವಂತೆ ಪಟ್ಟಿ ಬರೆಯಿರಿ. ಶುಚಿ ಮಾಡುವ ಕೆಲಸ ಒಂದೇ ಜಾತಿಯ, ಒಂದೇ ಕೇರಿಯ ಮಕ್ಕಳಿಗೆ ಹೋಗದಂತೆ, ಹಂಚುವ ಕೆಲಸದಿಂದ ಯಾರೂ ಹೊರಗೆ ಉಳಿಯದಂತೆ ಕಣ್ಣಿಡಿ. ಹಾಲು ಯಾರು ಹಂಚುತ್ತಾರೆ ಅನ್ನುವುದು ಕೆಲವು ಊರುಗಳಲ್ಲಿ ಇವತ್ತಿಗೂ ಸಣ್ಣ ವಿಷಯ ಅಲ್ಲ. ಅದು ನಿಮಗೇ ಚೆನ್ನಾಗಿ ಗೊತ್ತಿರುತ್ತದೆ.

ಬಸವನ ಹೆಸರು ಬಂದವಳು ರೇಷ್ಮಾ ಅಂದುಕೊಳ್ಳಿ. ಆ ವಾರ ಬಸವ ಗಂಭೀರವಾಗಿ ಲೋಟ ಎಣಿಸಿದ್ದಾನೆ. ಒಂದು ಲೋಟ ಚೆಲ್ಲಿದಾಗ ತಾನೇ ಬಟ್ಟೆ ತಂದು ಒರೆಸಿದ್ದಾನೆ. ಶುಕ್ರವಾರ ರೇಷ್ಮಾ ಬರೆಯುತ್ತಾಳೆ: ‘ಬುಧವಾರ ಹಾಲು ಚೆಲ್ಲಿದಾಗ ನೀನು ಯಾರನ್ನೂ ಬೈಯದೆ ಒರೆಸಿದೆ.’ ಆ ಸಹಾಯ ತನಗೇ ಆಗಿರಬೇಕು ಅಂತಿಲ್ಲ, ಕಂಡದ್ದನ್ನು ಬರೆದರೂ ಸಾಕು ಅಂತ ಮಕ್ಕಳಿಗೆ ಮೊದಲೇ ಹೇಳಿಡಿ. ಅಷ್ಟಾದರೂ ಏನೂ ಸಿಗದಿದ್ದರೆ ಗುರುವಾರದ ಗುಂಪು ಕೆಲಸದಲ್ಲಿ ಆ ಇಬ್ಬರನ್ನು ಒಂದೇ ಗುಂಪಿಗೆ ಹಾಕಿ. ಅಲ್ಲಿ ಏನಾದರೂ ಕಣ್ಣಿಗೆ ಬಿದ್ದೇ ಬೀಳುತ್ತದೆ.

ವಾರಾನುಗಟ್ಟಲೆ ಬಾರದ ಮಗುವಿಗೆ ಸುಳ್ಳು ಚೀಟಿ ಬರೆಸಬೇಡಿ. ಆ ಮಗುವಿನ ಹೆಸರಿನ ಕಾಗದವನ್ನು ನೀವು ತೆಗೆದುಕೊಂಡು, ‘ನೀನು ಇಲ್ಲದಾಗ ಪದ್ಯ ಹೇಳುವವರು ಇರಲಿಲ್ಲ’ ಅಂತ ನಿಜವಾದದ್ದೇನಾದರೂ ನೀವೇ ಬರೆದಿಡಿ. ಗೈರಾದವರ ಹೆಸರು ಹಿಡಿದಿದ್ದ ಮಗುವಿಗೆ, ಆ ಗೈರಾದವರು ಬರೆಯಬೇಕಿದ್ದ ಹೆಸರು ಕೊಡಿ.

ಬರೆಯಲು ಬಾರದವರ ಮಾತು. 5ನೇ ತರಗತಿಗೆ ಬಂದರೂ ಒಂದು ವಾಕ್ಯ ಬರೆಯಲು ಕಷ್ಟಪಡುವ ಮಕ್ಕಳು ಇರುತ್ತಾರೆ. ಅವರು ಚಿತ್ರ ಬರೆದು ಕೆಳಗೆ ಎರಡು ಪದ ಹಾಕಲಿ, ಇಲ್ಲವೇ ನಿಮ್ಮ ಕಿವಿಯಲ್ಲಿ ಹೇಳಲಿ, ನೀವು ಬರೆದುಕೊಡಿ. ಪಕ್ಕದ ಮಗುವಿನ ಹತ್ತಿರ ಬರೆಸಬೇಡಿ, ಗುಟ್ಟು ಉಳಿಯುವುದಿಲ್ಲ. ಯಾರ ಚೀಟಿಯಲ್ಲೂ ಒತ್ತಕ್ಷರ ತಿದ್ದಬೇಡಿ. ಕೆಂಪು ಪೆನ್ನು ಬಿದ್ದ ದಿನವೇ ಅದು ಕನ್ನಡ ನೋಟ್ಸ್ ಆಗಿಬಿಡುತ್ತದೆ.

ಶುಕ್ರವಾರ ಚೀಟಿಗಳನ್ನು ಮನೆಗೆ ಒಯ್ದು ಒಂದೊಂದನ್ನೂ ಓದಿ, ಶನಿವಾರ ಹಂಚಿ. ಓದದೆ ಹಂಚಬೇಡಿ. ತಡೆಹಿಡಿಯಬೇಕಾದ ಚೀಟಿಗಳು ಹೆಚ್ಚಾಗಿ ಮೂರು ಥರ ಇರುತ್ತವೆ. ಥ್ಯಾಂಕ್ಸ್ ವೇಷದಲ್ಲಿರುವ ಕುಟುಕು ಒಂದು: ‘ಈ ವಾರ ನೀನು ಸ್ನಾನ ಮಾಡಿಕೊಂಡು ಬಂದೆ, ಥ್ಯಾಂಕ್ಸ್.’ ತನ್ನನ್ನೇ ಹೊಗಳಿಕೊಳ್ಳುವುದು ಎರಡನೆಯದು: ‘ನಿನ್ನ ಹತ್ರ ಪೆನ್ಸಿಲ್ ಇರಲಿಲ್ಲ, ನಾನು ಕೊಟ್ಟೆ.’ ಇದನ್ನು ಬರೆದ ಮಗುವಿಗೆ ಕೆಟ್ಟ ಉದ್ದೇಶ ಇರುವುದಿಲ್ಲ. ಆದರೆ ಓದುವ ಮಗುವಿಗೆ ತನ್ನ ಬಡತನ ಬರೆದಿಟ್ಟಂತೆ ಆಗುತ್ತದೆ. ಈ ಎರಡನ್ನೂ ವಾಪಸ್ ಕೊಟ್ಟು, ‘ಅವನು ಮಾಡಿದ್ದು ಏನಾದರೂ ಇದೆಯಾ?’ ಅಂತ ಕೇಳಿ ಶನಿವಾರ ಬೆಳಗ್ಗೆ ಹೊಸದಾಗಿ ಬರೆಸಿ. ಉಡುಪು, ಬಣ್ಣ, ಅಂಕ ಹೊಗಳುವುದು ಮೂರನೆಯದು. ಕುಟುಕಿನಷ್ಟು ಕೆಟ್ಟದ್ದಲ್ಲ, ಆದರೂ ಕೆಲಸವೇನೂ ಇಲ್ಲದ ಹೊಗಳಿಕೆ ಅದು. ಹಿಂದೆ ಹೇಳಿದ ನಿಯಮ ನೆನಪಿಸಿ ಸಾಕು.

ಇದರ ನಡುವೆ ಡಬ್ಬಿಯನ್ನು ಕೈಬಿಡಬೇಡಿ. ಅದನ್ನು ಹದಿನೈದು ದಿನಕ್ಕೊಮ್ಮೆ ಬುಧವಾರ ಇಟ್ಟುಕೊಳ್ಳಿ. ಅದರಲ್ಲಿ ತರಗತಿಯ ಹೊರಗಿನವರ ಬಗ್ಗೆ ಮಾತ್ರ ಬರೆಯಲಿ. ಡಬ್ಬಿ ಪ್ಲಾಸ್ಟಿಕ್ಕಿನದಾಗಿರಲಿ, ಒಳಗಿನದು ಕಾಣುವಂಥದ್ದು, ಗಾಜು ಬೇಡ. ಕಾಲು ಹಾಳೆ ಕಾಗದ, ಎರಡು ಮಡಿಕೆ. ಶಾಲೆ ಬಿಟ್ಟಮೇಲೆ ಬೀರುವಿನಲ್ಲಿಟ್ಟು ಬೀಗ ಹಾಕಿ. ಇಲ್ಲದಿದ್ದರೆ ತೆಗೆದು ಓದುವವರು ಇದ್ದೇ ಇರುತ್ತಾರೆ.

ಡಬ್ಬಿಯ ಚೀಟಿಯನ್ನೂ ನೀವು ಮೊದಲು ಒಬ್ಬರೇ ಓದಬೇಕು. ‘ನಿನ್ನೆ ಅಪ್ಪ ಹೊಡೀಲಿಲ್ಲ, ಅದಕ್ಕೆ ಖುಷಿ’ ಅನ್ನುವಂಥ ಚೀಟಿ ಯಾವತ್ತಾದರೂ ಬರಬಹುದು. ಅದನ್ನು ತರಗತಿಯಲ್ಲಿ ಓದಲೇಬಾರದು. ಆ ಮಗುವಿನ ಜೊತೆ ಬೇರೆಯಾಗಿ, ಅವಸರ ಇಲ್ಲದೆ ಮಾತಾಡಿ. ಯಾರಿಗೂ ಹೇಳುವುದಿಲ್ಲ ಅಂತ ಮಾತ್ರ ಮಾತು ಕೊಡಬೇಡಿ. ಮುಖ್ಯ ಶಿಕ್ಷಕರಿಗೆ ತಿಳಿಸಿ. ಮಗುವಿಗೆ ಅಪಾಯ ಇದೆ ಅನಿಸಿದರೆ ಮಕ್ಕಳ ಸಹಾಯವಾಣಿ 1098 ಇದೆ. ಲೈಂಗಿಕ ದೌರ್ಜನ್ಯದ ಸುಳಿವು ಇದ್ದರೆ ಪೋಕ್ಸೋ ಕಾಯ್ದೆ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ಅದು ನಿಮ್ಮ ಇಷ್ಟಕ್ಕೆ ಬಿಟ್ಟ ವಿಷಯ ಅಲ್ಲ.

ಬಹುಮಾನ ಇಡಲೇ ಅಂತ ಹಲವು ಶಿಕ್ಷಕರು ಕೇಳುತ್ತಾರೆ. ಅಮೆರಿಕದಲ್ಲಿ 2000ದ ಹೊತ್ತಿಗೆ ಕ್ರಿಸ್ಟೋಫರ್ ಸ್ಕಿನ್ನರ್ ಮತ್ತು ಜೊತೆಗಾರರು ನಾಲ್ಕನೇ ತರಗತಿಯಲ್ಲಿ ಇಂಥದ್ದನ್ನು ನಡೆಸಿದ್ದರು. ಚಾಡಿ ಹೇಳುವ ಬದಲು, ಸಹಪಾಠಿ ಮಾಡಿದ ಸಹಾಯವನ್ನು ಕಾರ್ಡಿನಲ್ಲಿ ಬರೆದುಕೊಡುವುದು. ಇಡೀ ತರಗತಿ ಸೇರಿ ಇಷ್ಟು ಕಾರ್ಡ್ ತುಂಬಿಸಿದರೆ ಎಲ್ಲರಿಗೂ ಸೇರಿ ಒಂದು ಬಹುಮಾನ. ಒಬ್ಬೊಬ್ಬರಿಗೆ ಬಹುಮಾನ ಇರಲಿಲ್ಲ ಅನ್ನುವುದನ್ನು ಗಮನಿಸಿ. ನನ್ನ ಅಭಿಪ್ರಾಯದಲ್ಲಿ ನಿಮಗೆ ಅದೂ ಬೇಡ. ನಮ್ಮಲ್ಲಿ ಎಣಿಕೆ ಶುರುವಾದ ಕೂಡಲೇ ‘ಜಾಸ್ತಿ ಚೀಟಿ ಯಾರಿಗೆ’ ಅನ್ನುವ ಪೈಪೋಟಿ ಬರುತ್ತದೆ. ‘ವಾರದ ಒಳ್ಳೆಯ ವಿದ್ಯಾರ್ಥಿ’ ಅಂತ ಫೋಟೋ ಹಾಕುವುದಂತೂ ಈ ಕೆಲಸವನ್ನು ತಲೆಕೆಳಗು ಮಾಡುತ್ತದೆ.

ಆದರೆ ನೀವು ಒಬ್ಬರು ಎಣಿಸಬೇಕು, ಗುಟ್ಟಾಗಿ. ಆರು ವಾರದ ಕೈಚೀಟಿ ಮುಗಿಯುವುದು ಸೆಪ್ಟೆಂಬರ್ ಮಧ್ಯಕ್ಕೆ. ಗಣೇಶ ಹಬ್ಬದ ರಜೆ ಬಂದರೆ ಒಂದು ವಾರ ಆಚೀಚೆ ಆಗಬಹುದು. ಅಲ್ಲಿಂದ ಒಂದೋ ಎರಡೋ ವಾರ ಹೆಸರು ಕೊಡಬೇಡಿ. ‘ಈ ವಾರ ನಿಮಗೆ ಕಂಡದ್ದನ್ನು ನಿಮಗೆ ಇಷ್ಟ ಬಂದವರಿಗೆ ಬರೆಯಿರಿ’ ಅನ್ನಿ. ಚೀಟಿ ಬಂದಮೇಲೆ ಹಾಜರಿ ಪಟ್ಟಿಯ ಒಂದು ನಕಲು ತೆಗೆದು, ಹೆಸರು ಬಂದವರ ಮುಂದೆ ಗೀಟು ಹಾಕಿ. ಜೂನ್‌ನ ಚೀಟಿಗಳು ನಿಮ್ಮ ಹತ್ತಿರ ಇವೆಯಲ್ಲ, ಅವಕ್ಕೂ ಒಂದು ಪಟ್ಟಿ ಮಾಡಿ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಉತ್ತರ ಸಿಗುತ್ತದೆ. ಜೂನ್‌ನಲ್ಲಿ ಎಂಟು ಹತ್ತು ಹೆಸರು ಮಾತ್ರ ಇದ್ದದ್ದು ಈಗ ಇಪ್ಪತ್ತು ಆಗಿದ್ದರೆ ಮಕ್ಕಳ ಕಣ್ಣು ತಮ್ಮ ಗುಂಪು ದಾಟಿದೆ ಅಂತ ಅರ್ಥ. ಚೀಟಿ ಎಷ್ಟು ಬಂತು ಅನ್ನುವುದರಲ್ಲಿ ಏನೂ ಇಲ್ಲ, ಎಷ್ಟು ಬೇರೆ ಬೇರೆ ಹೆಸರು ಬಂತು ಅನ್ನುವುದನ್ನೇ ನೋಡಿ. ಇಷ್ಟ ಬಂದವರಿಗೆ ಬರೆಯುವ ಈ ವಾರಗಳಲ್ಲಿ ಹೆಸರು ಬಾರದವರಿಗೆ ಹಂಚುವ ಮುಂಚೆಯೇ ನೀವು ಒಂದೊಂದು ಚೀಟಿ ಬರೆದು ಸೇರಿಸಿ. ಬರಿಗೈಯಲ್ಲಿ ಯಾರೂ ಮನೆಗೆ ಹೋಗಬಾರದು.

ಇನ್ನೊಂದು ಅಳತೆಯೂ ಇದೆ. ಈಗಲೇ ಒಂದು ದಿನ ಪ್ರತಿ ಮಗುವಿಗೆ ತರಗತಿಯ ಹೆಸರುಗಳ ಪಟ್ಟಿ ಕೊಟ್ಟು, ಗುಂಪು ಕೆಲಸಕ್ಕೆ ಯಾರ ಜೊತೆ ಕೂರಲು ಇಷ್ಟವೋ ಅವರ ಹೆಸರಿಗೆ ಸುತ್ತು ಹಾಕಿಸಿ. ಯಾರು ಬೇಡ ಅಂತ ಮಾತ್ರ ಯಾವತ್ತೂ ಕೇಳಬೇಡಿ. ದಸರಾಕ್ಕೆ ಮುಂಚೆ ಇದನ್ನೇ ಇನ್ನೊಮ್ಮೆ ಮಾಡಿಸಿ. ಕೆನಡಾದ ವ್ಯಾಂಕೂವರ್‌ನಲ್ಲಿ ಕ್ರಿಸ್ಟಿನ್ ಲೇಯಸ್ ಮತ್ತು ತಂಡ 9ರಿಂದ 11 ವರ್ಷದ ಮಕ್ಕಳಲ್ಲಿ ಹೀಗೇ ಅಳೆದು 2012ರಲ್ಲಿ ಪ್ರಕಟಿಸಿದರು. ನಾಲ್ಕು ವಾರ ಕೆಲವು ಮಕ್ಕಳು ವಾರಕ್ಕೆ ಮೂರು ಸಹಾಯದ ಕೆಲಸ ಮಾಡಿದರು. ಉಳಿದವರು ಸುಮ್ನೆ ತಮಗೆ ಇಷ್ಟವಾದ ಮೂರು ಜಾಗಕ್ಕೆ ಹೋಗಿಬಂದರು. ಸಂತೋಷ ಎರಡೂ ಗುಂಪಿನಲ್ಲಿ ಹೆಚ್ಚಿತು. ಆದರೆ ಸಹಾಯ ಮಾಡಿದ ಮಕ್ಕಳನ್ನು ಜೊತೆಗೆ ಬೇಕು ಅಂದ ಸಹಪಾಠಿಗಳ ಸಂಖ್ಯೆ ಜಾಸ್ತಿ ಏರಿತು. ಹಾಗಾಗಿ ಈ ಚೀಟಿಯಿಂದ ಮಕ್ಕಳು ಒಮ್ಮೆಲೇ ಖುಷಿಯಾಗಿಬಿಡುತ್ತಾರೆ ಅಂತ ಕಾಯಬೇಡಿ. ಊಟಕ್ಕೆ ಯಾರ ಪಕ್ಕ ಯಾರು ಕೂರುತ್ತಾರೆ, ಕಬಡ್ಡಿಗೆ ಕೊನೆಯಲ್ಲಿ ಉಳಿಯುವವರು ಯಾರು ಅನ್ನುವುದರಲ್ಲಿ ಬದಲಾವಣೆ ಹುಡುಕಿ. ಚೀಟಿ ವಾರದಿಂದ ವಾರಕ್ಕೆ ಚೆನ್ನಾಗುತ್ತಾ ಹೋದರೂ ಊಟದ ಸಾಲು ಹಾಗೇ ಇದ್ದರೆ ಮಕ್ಕಳು ನಿಮಗೋಸ್ಕರ ಬರೆಯುತ್ತಿದ್ದಾರೆ. ಆಗ ಚೀಟಿ ನಿಲ್ಲಿಸಿ, ಗುಂಪು ಬದಲಾಯಿಸುವುದರ ಮೇಲೆ, ಕೆಲಸದ ಸರದಿಯ ಮೇಲೆ ಗಮನ ಕೊಡಿ.

ಸಂಕಲನಾತ್ಮಕ ಪರೀಕ್ಷೆಯ ವಾರ ಏನೂ ಬೇಡ. ಪರೀಕ್ಷೆ ಮುಗಿದು ರಜೆಗೆ ಮುಂಚಿನ ಕೊನೆಯ ಶನಿವಾರ ಡಬ್ಬಿ ತೆರೆಯಿರಿ. ಹಿಂದಿನ ದಿನವೇ ಕೂತು ಓದಬಾರದವನ್ನು ತೆಗೆದಿಡಿ. ಉಳಿದದ್ದನ್ನು ನಾಲ್ಕು ಗುಂಪಿಗೆ ಹಂಚಿ, ಯಾರಿಗೆ ಸೇರಿದ್ದು ಅಂತ ವಿಂಗಡಿಸಲು ಹೇಳಿ. ಮನೆಯವರದ್ದು ಒಂದು ರಾಶಿ, ಅಡುಗೆಯವರದ್ದು ಒಂದು, ಬೇರೆ ಟೀಚರುಗಳದ್ದು ಒಂದು, ದಾರಿಯಲ್ಲಿ ಸಿಗುವವರದ್ದು ಒಂದು. ಅಡುಗೆಯವರ ಚೀಟಿಗಳನ್ನು ಅವತ್ತೇ ಇಬ್ಬರು ಮಕ್ಕಳು ಅಡುಗೆಮನೆಗೆ ತೆಗೆದುಕೊಂಡು ಹೋಗಿ ಓದಿ ಹೇಳಲಿ. ಮನೆಯವರದ್ದು ಮನೆಗೆ ಹೋಗಲಿ.

ಜೂನ್‌ನ ‘ಥ್ಯಾಂಕ್ಯೂ ಮಿಸ್’ ಚೀಟಿಗಳನ್ನು ಪಟ್ಟಿ ಮಾಡಿಕೊಂಡ ಮೇಲೆ ಏನು ಮಾಡಲಿ ಅಂತ ಅನಿಸಬಹುದು. ಅವನ್ನು ತರಗತಿಯಲ್ಲಿ ಓದಬೇಡಿ, ಕೆಟ್ಟ ಉದಾಹರಣೆಯಾಗಿ ತೋರಿಸಲೂ ಬೇಡಿ. ಸೋಮವಾರ ಹೋದ ಕೂಡಲೇ ಡಬ್ಬಿ ಖಾಲಿ ಮಾಡಿ, ‘ಈ ಡಬ್ಬಿ ಇನ್ಮೇಲೆ ಹದಿನೈದು ದಿನಕ್ಕೊಂದು ಸಲ, ಹೊರಗಿನವರಿಗೆ ಮಾತ್ರ’ ಅಂತ ಹೇಳಿ ಹೊಸದಾಗಿ ಇಡಿ.